ಸಡಿಲ ಮಾಡಿದ ಬೆಲ್ಟು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬಿಗಿಯಾದ ರವಿಕೆ ಹಿಡಿದು ಯಾರಾದರೂ ಬಂದರೆ, "ಬಿಗಿ ಯಾಕೆ ಸಹಿಸ್ಕೋತೀರಿ? ಕೊಡಿ ಇಲ್ಲಿ" ಎಂದು ನಿಂತ ಕಾಲಲ್ಲೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವಳು.

ಮೊದಲ ಮಗಳು ಹೊಟ್ಟೆಯಲ್ಲಿ ಕಾಲು ಕೆಳಗಾಗಿ ಕೂತಿದ್ದರಿಂದ ಸಿಸೇರಿಯನ್ ಆಗಿತ್ತು. ಆಮೇಲೆ ಮಿಷಿನ್ ಮುಂದೆ ಬಗ್ಗಲಾಗದೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಎರಡನೆಯದಾದರೂ ನಾರ್ಮಲ್ ಆಗಲಿ ಎಂದು ಹಟ ಹಿಡಿದಳು.

ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. "ಹೋದ ಸಲ ಗರ್ಭಕೋಶನ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ದಾರೆ, ಅದು ನಾರ್ಮಲ್‌ಗೆ ಒಳ್ಳೇದೇ. ಈ ಸಲ ಮಗು ತಲೆ ಕೆಳಗಿದೆ. ನಿಮ್ಮಂಥ ನೂರು ಜನದಲ್ಲಿ ಎಪ್ಪತ್ತರ ಹತ್ರ ಜನಕ್ಕೆ ನಾರ್ಮಲ್ ಆಗುತ್ತೆ. ಆದ್ರೆ ಇನ್ನೂರರಲ್ಲಿ ಒಬ್ಬರಿಗೆ ನೋವು ತಿನ್ನೋವಾಗ ಹಳೇ ಗಾಯ ಬಿಟ್ಕೊಳ್ಳುತ್ತೆ. ಆಗ ಇಬ್ಬರ ಜೀವಕ್ಕೂ ಅಪಾಯ."

"ಆ ಒಬ್ಬಳು ನಾನೇ ಯಾಕಾಗ್ಲಿ, ಬಿಡಿ ಡಾಕ್ಟ್ರೇ" ಎಂದು ನಕ್ಕಳು. ಅಯ್ಯೋ, ಆ ನಗು!

ದಿನ ತುಂಬಿ ನೋವು ತಾನಾಗಿಯೇ ಬಂತು. ಹೆರಿಗೆ ಕೋಣೆಯಲ್ಲಿ ನರ್ಸಮ್ಮ ಅವಳ ಹೊಟ್ಟೆಗೆ ಎರಡು ಬೆಲ್ಟು ಕಟ್ಟಿ ಪಕ್ಕದ ಯಂತ್ರಕ್ಕೆ ಜೋಡಿಸಿದಳು. "ಮೇಲಿಂದು ನೋವು ಅಳೆಯೋಕೆ, ಕೆಳಗಿಂದು ಮಗು ಎದೆಬಡಿತ ಕೇಳೋಕೆ. ಮುಟ್ಬೇಡಕ್ಕ. ನೋವು ಬಿಟ್ಟು ಬಿಟ್ಟು ಬರ್ಬೇಕು. ಬಿಡುವಲ್ಲೂ ಗಾಯದ ಹತ್ರ ನೋಯ್ತಿದ್ರೆ ಕೂಗು."

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು, ಮಗುವಿನ ತಲೆ ಕೆಳಗಿಳಿದಿತ್ತು. ಪಕ್ಕದ ಮಂಚದವಳಿಗೆ ಹೆರಿಗೆಯಾಗುವ ಹೊತ್ತು ಬಂತು, ನರ್ಸಮ್ಮ ಅತ್ತ ಓಡಿದಳು. ಆಗಲೇ ಇವಳಿಗೆ ಗಾಯದ ಮೇಲೆ ಬಿಡದ ನೋವು ಹಿಡಿಯಿತು. ಹಾಳಾದ ಬೆಲ್ಟು ಬಿಗಿಯಾಯಿತು ಎಂದುಕೊಂಡಳು. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈ, ಕೇಳಬೇಕೇ? ಕೆಳಗಿನದನ್ನು ಸಡಿಲ ಮಾಡಿಬಿಟ್ಟಳು. ಎದೆಬಡಿತದ ಸದ್ದು ನಿಂತಿತು. ಯಂತ್ರ ಕೀಚಲಿಟ್ಟದ್ದು ಪಕ್ಕದವಳ ಕೂಗಿನಲ್ಲಿ ಯಾರಿಗೂ ಕೇಳಲಿಲ್ಲ.

ಜೊತೆಗೆ ಬಂದು ಅವಳ ತಲೆದೆಸೆಯಲ್ಲಿ ಕೂತಿದ್ದ ಅತ್ತೆಗೆ ಗಾಬರಿಯಾಯಿತು. "ಮುಖ ಬಿಳಿಚ್ಕೊಂಡಿದೆಯಲ್ಲೇ, ಸಿಸ್ಟರ್ನ ಕರೀಲಾ?"

"ಸುಮ್ನಿರಿ ಅತ್ತೆ. ನೋವು ಅಂದ್ರೆ ಕೊಯ್ಯೋಕೆ ಎಳ್ಕೊಂಡು ಹೋಗ್ತಾರೆ."

ನರ್ಸಮ್ಮ ಬಂದು ಬೆಲ್ಟು ಬಿಗಿದಾಗ ಓಡಬೇಕಾದ ಎದೆಬಡಿತ ತೆವಳುತ್ತಿತ್ತು. ಕೆಳಗಿಳಿದಿದ್ದ ತಲೆ ಮೇಲಕ್ಕೆ ಸರಿದುಹೋಗಿತ್ತು. ರಕ್ತ ಹರಿಯುತ್ತಿತ್ತು. "ಹಳೇ ಗಾಯ ಬಿಟ್ಕೊಂಡಿದೆ!" ಎಂದು ಡಾಕ್ಟರಮ್ಮ ಕೂಗಿದರು, ಮಂಚವನ್ನೇ ಆಪರೇಷನ್ ಕೋಣೆಗೆ ತಳ್ಳಿಕೊಂಡು ಓಡಿದರು.

ಅವಳಿಗೆ ಎಚ್ಚರವಾಗುವ ಹೊತ್ತಿಗೆ ಗರ್ಭಕೋಶ ಹೊಲಿದು ಉಳಿಸಿದ್ದರು. ಮಗು, ಗಂಡು ಮಗು, ಉಸಿರಾಡಲಿಲ್ಲ. "ಬೆಲ್ಟ್ ಬಿಗಿಯಾಗೇ ಇದ್ದಿದ್ರೆ ಬೇಗ ಗೊತ್ತಾಗ್ತಿತ್ತು. ಉಳೀತಿತ್ತಾ ಅಂದ್ರೆ, ಯಾರೂ ಹೇಳೋಕಾಗಲ್ಲಮ್ಮ" ಎಂದರು ಡಾಕ್ಟರಮ್ಮ. ಅತ್ತೆ ಅವಳ ಹೊದಿಕೆ ಸರಿಮಾಡಿ ಹೊದಿಸಿದರು. ಬೈದಿದ್ದರೂ ಸಹಿಸಬಹುದಿತ್ತು.

ತಿಂಗಳುಗಳ ಮೇಲೆ ಅಂಗಡಿ ಬಾಗಿಲು ತೆಗೆದಳು. ಹಳೆಯ ಗಿರಾಕಿಯೊಬ್ಬಳು ಲಂಗ ಚಾಚಿದಳು. "ಸೊಂಟದ ಹತ್ರ ತುಂಬ ಬಿಗಿ ಅಕ್ಕ, ಚೂರು ಸಡಿಲ ಮಾಡ್ಕೊಡು."

ಟೈಲರಕ್ಕ ಕತ್ತರಿ ಎತ್ತಿಕೊಂಡಳು. ಹೊಲಿಗೆಗೆ ತಾಗಿಸಿದಳು. ಕತ್ತರಿ ಕೆಳಗಿಟ್ಟು ಲಂಗ ಮಡಚಿ ವಾಪಸು ಕೊಟ್ಟಳು.

"ಅದೊಂದು ಕೆಲಸ ಬಿಟ್ಟು ಬೇರೆ ಏನಾದ್ರೂ ಹೇಳಮ್ಮ."