ಬಾಗಿಲು ತೆಗೆದ ಸೋಮವಾರ

ಕುರುಬರಹಳ್ಳಿಯ ನಮ್ಮ ರೊಟ್ಟಿ ಅಂಗಡಿಗೆ ಸೋಮವಾರ ರಜೆ. ಶಿವನ ವಾರ ವ್ಯಾಪಾರ ಬೇಡವೆಂದು ಮಾವನವರು ಹಾಕಿಕೊಟ್ಟ ಪದ್ಧತಿ. ಗಂಡ ತೀರಿಕೊಂಡ ಮೇಲೆ ನನ್ನ ನಾದಿನಿ ಆ ಅಂಗಡಿಯನ್ನೇ ನಂಬಿಕೊಂಡಿದ್ದಳು. ನಾನು ಬಿಡುವಾದಾಗ ಹೋಗಿ ಕೈಜೋಡಿಸುತ್ತಿದ್ದೆ. ಮಳಿಗೆ ಮಾತ್ರ ಅವಳ ಅಣ್ಣ, ನನ್ನ ಭಾವನವರದು. ಈ ತಿಂಗಳ ವ್ಯಾಪಾರ ಹೋದ ವರ್ಷದ್ದಕ್ಕಿಂತ ಇಳಿದರೆ ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವುದಾಗಿ ಅವರು ಮೊದಲೇ ಹೇಳಿದ್ದರು.

ತಿಂಗಳು ಮುಗಿದ ಮರುದಿನ ಬಂದು ಕುಳಿತರು. ಹೋದ ವರ್ಷ ಇದೇ ತಿಂಗಳು ಎರಡು ಲಕ್ಷ ಎಪ್ಪತ್ತು ಸಾವಿರ, ಈಗ ಎರಡು ಲಕ್ಷ ಐವತ್ತೆರಡು ಸಾವಿರ.

"ಹದಿನೆಂಟು ಸಾವಿರ ಕಮ್ಮಿ. ಇನ್ನೇನಮ್ಮ ನೋಡೋದು?"

"ತಡಿಯಣ್ಣ, ಬಾಗಿಲು ತೆಗೆದಿದ್ದು ಎಷ್ಟು ದಿನ ಅಂತ ನೋಡು," ಎಂದಳು ನಾದಿನಿ.

ಹೋದ ವರ್ಷ ಆ ತಿಂಗಳಲ್ಲಿ ನಾಲ್ಕು ಸೋಮವಾರ, ಈ ವರ್ಷ ಐದು. ಜೊತೆಗೆ ಪೈಪಿಗೆಂದು ರಸ್ತೆ ಅಗೆದಾಗ ಎರಡು ದಿನ ಮುಚ್ಚಿತ್ತು. ಆಗ ಇಪ್ಪತ್ತೇಳು ದಿನ, ಈಗ ಇಪ್ಪತ್ನಾಲ್ಕು. ಭಾವ ಮೊಬೈಲಿನಲ್ಲಿ ಭಾಗಿಸಿದರು. ಆಗ ದಿನಕ್ಕೆ ಹತ್ತು ಸಾವಿರ, ಈಗ ಹತ್ತೂವರೆ. ಗಿರಾಕಿ ಹೆಚ್ಚು ಬರುವ ಭಾನುವಾರಗಳೂ ಎರಡೂ ವರ್ಷ ಐದೇ ಇದ್ದವೆಂದು ಕ್ಯಾಲೆಂಡರ್ ತಿರುವಿ ನೋಡಿ ಒಪ್ಪಿದರು. ನಾದಿನಿಯ ಮುಖ ಅರಳಿತು.

ನನಗಾಗ ನೆನಪಾಯಿತು. ಐದರಲ್ಲಿ ಒಂದು ಸೋಮವಾರ ಬಾಗಿಲು ತೆಗೆದಿದ್ದೆವು. ಆರ್‌ಪಿಸಿ ಲೇಔಟಿನವರೊಬ್ಬರ ಗೃಹಪ್ರವೇಶಕ್ಕೆ ಹೋಳಿಗೆ ಬೇಕೆಂದಾಗ, ಶಿವನಲ್ಲಿ ತಪ್ಪಾಯಿತೆಂದು ಬೇಡಿಕೊಂಡು ಒಲೆ ಹಚ್ಚಿದವಳು ನಾನೇ. ಆ ದುಡ್ಡು ಒಟ್ಟು ವ್ಯಾಪಾರದಲ್ಲಿ ಸೇರಿದೆ, ದಿನ ಮಾತ್ರ ಸೇರಿಲ್ಲ. ಸೋಮವಾರ ಎಂದರೆ ರಜೆ ಎಂದು ಎಣಿಸಿ ಎಣಿಸಿ ರೂಢಿಯಾಗಿ ಅವಳು ಮರೆತಿದ್ದಳು. ಹೇಳಿದರೆ ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಿದಂತಾಗಬಹುದು. ಬೆಳಿಗ್ಗೆ ಹಚ್ಚಿದ ವಿಭೂತಿ ಇನ್ನೂ ಹಣೆಯ ಮೇಲಿತ್ತು.

"ಭಾವ, ಒಂದು ಸೋಮವಾರ ತೆಗೆದಿದ್ವಿ. ಇಪ್ಪತ್ತೈದು ದಿನ ಆಗುತ್ತೆ."

ನಾದಿನಿ ನನ್ನತ್ತ ನೋಡಿದ ನೋಟ ಇಂದಿಗೂ ಕಣ್ಣಮುಂದಿದೆ. ಭಾವ ಮತ್ತೆ ಭಾಗಿಸಿದರು. ಒಮ್ಮೆ ನೋಡಿ, ಅಳಿಸಿ, ಇನ್ನೊಮ್ಮೆ ಒತ್ತಿದರು. ನಾನು ಮನಸ್ಸಿನಲ್ಲೇ ಓಂ ನಮಃ ಶಿವಾಯ ಎನ್ನುತ್ತಿದ್ದೆ.

"ಹತ್ತು ಸಾವಿರದ ಎಂಬತ್ತು," ಎಂದರು. "ಎಂಬತ್ತೇ ರೂಪಾಯಿ ಜಾಸ್ತಿ. ಆದ್ರೂ ಇಳಿದ್ರೆ ಅಂದಿದ್ದೆ, ಇಳಿದಿಲ್ವಲ್ಲ. ನಡೆಸಮ್ಮ," ಎಂದು ಮೊಬೈಲು ಜೇಬಿಗಿಟ್ಟರು.

ಬಾಡಿಗೆಯ ಮಾತು ಅಲ್ಲಿಗೆ ನಿಂತಿತು. ದಿನಕ್ಕೆ ಎಂಬತ್ತು ರೂಪಾಯಿ ಯಾವ ಲೆಕ್ಕ ಎನ್ನುವವರಿದ್ದಾರೆ. ಅವತ್ತು ನನಗದು ಶಿವ ಕೈಯೆತ್ತಿ ಕೊಟ್ಟಂತಿತ್ತು.

ಭಾವ ಹೋದಮೇಲೆ ನಾದಿನಿ ಹಿಟ್ಟು ನಾದಿದಳು. ಆಮೇಲೆ ತಲೆಯೆತ್ತದೆಯೇ ಅಂದಳು: "ಅತ್ತಿಗೆ, ಇನ್ಮೇಲೆ ಸೋಮವಾರ ಯಾರ ಗೃಹಪ್ರವೇಶಾನೂ ಒಪ್ಕೋಬೇಡಿ."