ಸ್ವಾಗತದ ಮಾತಿಗೆ ಸೇರಿಸಿದ ಸಾಲು

ಪಾಡ್‌ಕಾಸ್ಟ್ ಅನ್ನುವ ಮಾತೇ ಹೊಸದಾಗಿದ್ದ ದಿನಗಳು. ನಾನು ಮಾರೇನಹಳ್ಳಿಯಲ್ಲಿದ್ದುಕೊಂಡು ರೇಡಿಯೋ ಜಾಹೀರಾತು ಬರೆಯುತ್ತಿದ್ದೆ, ದನಿಯನ್ನೂ ಕೊಡುತ್ತಿದ್ದೆ. ಬಸವೇಶ್ವರನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವರೊಬ್ಬರು ಕರೆಸಿದರು. ಕೆಂಗೇರಿ ಕಡೆಯ ಒಕ್ಕಲು ಮನೆತನದವರು. ಸಣ್ಣ ಊರುಗಳ ಬೇಸಾಯದ ಬಗ್ಗೆ ವಾರಕ್ಕೊಂದು ಪಾಡ್‌ಕಾಸ್ಟ್ ಮಾಡುತ್ತಾರಂತೆ, ಮೊದಲ ಕಂತಿಗೆ ಎರಡು ನಿಮಿಷದ ಸ್ವಾಗತದ ಮಾತು ಬೇಕಂತೆ.

ಇದನ್ನು ಅಲ್ಲಿ ಯಾರು ಕೇಳುತ್ತಾರೆ ಅಂದೆ. ಮಾಗಡಿಯ ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿಕೊಂಡು, ಹಾಡು ಹಾಕಿಕೊಟ್ಟ ಹಾಗೆ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಕಿಕೊಡುತ್ತಾರೆ ಅಂದರು. ಉತ್ತರ ತೀರಾ ಸಿದ್ಧವಾಗಿತ್ತು. ನನಗೆ ಅಲ್ಲೇ ಅನುಮಾನ.

ಆದರೂ ಬರೆದೆ. ‘ರೈತ ಬಾಂಧವರೇ’ ಅನ್ನಲಿಲ್ಲ; ಕಿವಿಗೆ ಸಿಕ್ಕಿಸಿಕೊಂಡು ಕೇಳುವವರು ಒಬ್ಬರೇ. ‘ಟೊಮೇಟೊ ಬುಟ್ಟಿ ಬಸ್ಸಿಗೆ ಹೇರಿ ಸಂತೆಗೆ ಹೊರಟಿದ್ದೀರಾ? ದಾರಿಯುದ್ದಕ್ಕೂ ಮಾತಾಡೋಣ’ ಎಂದು ಶುರು. ಆಮೇಲೆ ಮಾತಾಡುವವರು ಯಾರು, ಹೊಸ ಕಂತು ವಾರದ ಯಾವ ದಿನ, ಎಷ್ಟು ಹೊತ್ತು, ಇವತ್ತಿನ ವಿಷಯವೇನು. ಇವತ್ತಿನ ಮಾರುಕಟ್ಟೆ ದರವೂ ಇರಲಿ ಅಂದರು. ಹದಿನೈದು ದಿನ ಬಿಟ್ಟು ಕೇಳುವವರಿಗೆ ಅದು ಸುಳ್ಳಾಗುತ್ತದೆ ಎಂದು ಬಿಟ್ಟೆ. ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿ, ಉಸಿರು ಕಟ್ಟಿದ ವಾಕ್ಯಗಳನ್ನು ತುಂಡು ಮಾಡಿದೆ.

ಬರೆದುಕೊಟ್ಟ ಪ್ರತಿ ಅವರ ಕೈಯಿಂದ ವಾಪಸ್ ಬಂದಾಗ ಕೊನೆಗೊಂದು ಸಾಲು ಸೇರಿತ್ತು: ನಿಮ್ಮ ಹೆಸರು, ಊರು, ಜಮೀನಿನ ಸರ್ವೆ ನಂಬರ್ ಬರೆದು ಕಳಿಸಿ.

“ಬೆಳೆ ಬಗ್ಗೆ ಹೇಳೋಕೆ ಸರ್ವೆ ನಂಬರ್ ಯಾಕೆ ಸಾರ್? ಮಣ್ಣು, ನೀರು ಗೊತ್ತಾದ್ರೆ ಸಾಲದಾ?”

ಕೇಳುಗರ ಪಟ್ಟಿಗೆ ಅಂದರು, ನನ್ನ ಮುಖ ನೋಡದೆ. ನಾನು ಆ ಸಾಲು ಹೊಡೆದುಹಾಕಿದೆ. ಅವರು ತಕರಾರು ಮಾಡಲಿಲ್ಲ. ಅದು ಇನ್ನೂ ಚುಚ್ಚಿತು. ಅಂಗಡಿಯ ಮೇಲಿನ ಕೋಣೆಯಲ್ಲಿ ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆವು.

ಕಂತು ಹಾಕಿದ ದಿನ ವಿಜಯನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಕೇಳಿದೆ. ನನ್ನ ಮಾತು ಮುಗಿಯಿತು. ಬೆನ್ನಿಗೇ ಅವರ ದನಿಯಲ್ಲಿ ಆ ಸಾಲು. ಕೇಳುವವರನ್ನು ನಾನೇ ಕೈಹಿಡಿದು ಕರೆತಂದು ಅವರಿಗೊಪ್ಪಿಸಿದ ಹಾಗಿತ್ತು.

ನೇರ ಅಂಗಡಿಗೆ ಹೋದೆ. ಅವರು ಹೆಚ್ಚು ಮುಚ್ಚಿಡಲಿಲ್ಲ. ಅವರ ಬಾಮೈದ ಮೈಸೂರು ರಸ್ತೆಯುದ್ದಕ್ಕೂ ರೈತರ ಜಮೀನು ಕೊಂಡು ಲೇಔಟ್ ಮಾಡುವವನಂತೆ; ಸರ್ವೆ ನಂಬರ್ ಬೇಕಿದ್ದದ್ದು ಅವನಿಗೆ. ಮೈಕು ಕೊಡಿಸಿದ್ದೂ ಅವನೇ.

“ಆ ಸಾಲು ತೆಗೀರಿ, ಇಲ್ಲ ನನ್ನ ದನಿ ತೆಗೀರಿ.”

ಆ ಸಾಲನ್ನು ನನ್ನೆದುರೇ ಕತ್ತರಿಸಿ ಕಂತನ್ನು ಮತ್ತೆ ಹಾಕಿದರು. ಆಗಲೇ ಇಳಿಸಿಕೊಂಡವರ ಗತಿ ಕೇಳಿದೆ.

“ಕಾರ್ಡಿಗೆ ಹೋಗಿದ್ದು ವಾಪಸ್ ಬರಲ್ಲ ಮೇಡಂ.”

ಹಾಗಾದರೆ ಎರಡನೇ ಕಂತು ಶುರುವಾಗುವುದೇ ನಾನು ಬರೆದುಕೊಟ್ಟಿದ್ದರಿಂದ ಅಂದೆ. ಸರ್ವೆ ನಂಬರ್ ಕೇಳಿದ್ದು ತಪ್ಪು, ಯಾರೂ ಕಳಿಸಬೇಡಿ, ಇಷ್ಟೇ. ಅದನ್ನು ಅವರೇ ಓದಿದರು. ಒಂದು ಪದವನ್ನಾದರೂ ನುಂಗುತ್ತಾರೇನೋ ಎಂದು ನಾನು ಪಕ್ಕದಲ್ಲೇ ನಿಂತು ಕೇಳಿದೆ. ನುಂಗಲಿಲ್ಲ.