ಮೂರು, ನಾಲ್ಕು, ಐದು ಹಣ್ಣಿನ ಗುಡ್ಡೆಗಳು

ನಾನು ನಿಂತಿದ್ದದ್ದು ಐದನೇ ತರಗತಿಯ ಕಪ್ಪು ಹಲಗೆಯ ಎಡಗಡೆ, ಮೇಜಿಗೂ ಕಿಟಕಿಗೂ ನಡುವೆ. ಜೂನ್ ತಿಂಗಳ ಒಂದು ಬುಧವಾರ, ಬೆಳಗಿನ ಮೂರನೇ ಪೀರಿಯಡ್. ಹೂಡಿಗೂ ಪಟ್ಟಂದೂರು ಅಗ್ರಹಾರಕ್ಕೂ ನಡುವಿನ ಸರ್ಕಾರಿ ಶಾಲೆ ಅದು. ಬಿಸಿಯೂಟದ ಅಡುಗೆ ಆಗ ಶಾಲೆಯ ಹಿಂದಿನ ಕೋಣೆಯಲ್ಲೇ ಆಗುತ್ತಿತ್ತು. ಮೇಜು ನನ್ನಿಂದ ಒಂದು ಮೊಳ ದೂರವಿತ್ತು. ಅಷ್ಟು ಹತ್ತಿರ ನಿಂತೂ ನಾನು ಸರಿಯಾಗಿ ನೋಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕ್ಲಸ್ಟರಿನ ಶಾಲೆಗಳಿಗಾಗಿ ಗಣಿತದ ವರ್ಕ್‌ಶೀಟುಗಳನ್ನು ಮೇಷ್ಟ್ರುಗಳೇ ಬರೆಯಬೇಕೆಂದು ಆ ವರ್ಷ ಹಂಚಿಕೆಯಾಗಿತ್ತು. ನನ್ನ ಪಾಲಿಗೆ ಬಂದದ್ದು ಗುಂಪಿನ ಭಿನ್ನರಾಶಿ. ಒಂದು ರೊಟ್ಟಿಯಲ್ಲಿ ಅರ್ಧ, ಒಂದು ಕಾಗದದಲ್ಲಿ ಕಾಲು ಎಂಬುದು ಮಕ್ಕಳಿಗೆ ಬರುತ್ತಿತ್ತು. ಹನ್ನೆರಡು ವಸ್ತುಗಳ ಗುಂಪಿನಲ್ಲಿ ಮೂರನೇ ಒಂದು ಭಾಗ ಎಂದರೆ ತಬ್ಬಿಬ್ಬಾಗುತ್ತಿದ್ದರು. ಆದ್ದರಿಂದ ಲೆಕ್ಕಗಳಿಗೆ ಮೊದಲು ಒಂದು ಪುಟ್ಟ ಕಥೆ ಬರೆದೆ. ಅಕ್ಕನ ಬಳಿ ಹನ್ನೆರಡು ಮಾವಿನಹಣ್ಣು ಇರುತ್ತವೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಅವಳು ತಮ್ಮನಿಗೆ ಕೊಡುತ್ತಾಳೆ. ತಮ್ಮನಿಗೆ ಎಷ್ಟು ಹಣ್ಣು ಸಿಕ್ಕಿತು? ಹನ್ನೆರಡನ್ನು ಮೂರು ಸಮ ಪಾಲು ಮಾಡಿ ಒಂದು ಪಾಲು ತೆಗೆದರೆ ನಾಲ್ಕು. ಶುಕ್ರವಾರದ ಕ್ಲಸ್ಟರ್ ಸಭೆಯಲ್ಲಿ ಕೊಡುವ ಮುಂಚೆ ತರಗತಿಯಲ್ಲಿ ಒಮ್ಮೆ ಪರೀಕ್ಷಿಸೋಣ ಎಂದು ದಾರಿಯಲ್ಲಿ ಹನ್ನೆರಡು ಹಣ್ಣು ತಂದೆ. ಸುಗ್ಗಿ ಮುಗಿಯುವ ಹೊತ್ತು. ದಪ್ಪ, ಸಣ್ಣ ಎಲ್ಲ ಬೆರೆತಿದ್ದವು. ಅದು ನನ್ನ ಗಮನಕ್ಕೆ ಬರಲಿಲ್ಲ.

ತರಗತಿಯಲ್ಲಿ ನಿಜವಾದ ಅಕ್ಕ ತಮ್ಮ ಇಬ್ಬರೂ ಇದ್ದರು. ಊರು ಬಿಟ್ಟು ಬಂದಾಗ ಒಂದು ವರ್ಷ ಓದು ತಪ್ಪಿ ಅಕ್ಕ ತಮ್ಮನ ಜೊತೆಗೇ ಸೇರಿದ್ದಳು. ಅವರ ತಾಯಿ ಟೆಕ್ ಪಾರ್ಕಿನ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ತಕ್ಕಡಿ ಇಟ್ಟಿರಲಿಲ್ಲ. ಹಣ್ಣನ್ನು ಗುಡ್ಡೆ ಮಾಡಿ, ಗುಡ್ಡೆಗೆ ಇಷ್ಟು ಎಂದು ಮಾರುವುದು. ಕಥೆಗೆ ಹೊಂದುತ್ತದೆಂದು ಅಕ್ಕನನ್ನೂ ತಮ್ಮನನ್ನೂ ಮೇಜಿನ ಬಳಿಗೆ ಕರೆದೆ. ಮೂರು ಸಮ ಪಾಲು ಮಾಡು ಎಂದು ಹುಡುಗಿಗೆ ಹೇಳಿದೆ.

ಅವಳು ಎಣಿಸಲಿಲ್ಲ. ಒಂದೊಂದನ್ನೇ ಅಂಗೈಯಲ್ಲಿ ಒಮ್ಮೆ ತೂಗಿ ಇಡುತ್ತಾ ಹೋದಳು. ನಾನು ಹಲಗೆಯ ಮೇಲೆ ತಾರೀಕು ಬರೆದು ತಿರುಗುವಷ್ಟರಲ್ಲಿ ಮೂರು ಗುಡ್ಡೆ ಆಗಿದ್ದವು. ಒಂದರಲ್ಲಿ ಮೂರು ಹಣ್ಣು, ಒಂದರಲ್ಲಿ ನಾಲ್ಕು, ಒಂದರಲ್ಲಿ ಐದು. ತಮ್ಮನಿಗೆ ಎಷ್ಟು ಸಿಗುತ್ತೆ ಎಂದು ಕೇಳಿದೆ.

"ಯಾವ ಗುಡ್ಡೆ ಬೇಕು ಅಂತ ಅವನನ್ನೇ ಕೇಳ್ಬೇಕು ಸಾರ್."

ತರಗತಿ ನಕ್ಕಿತು. ನಾನು ತಪ್ಪು ಎಂದೆ. ಐದರ ಗುಡ್ಡೆಯಿಂದ ಒಂದು ಹಣ್ಣು ತೆಗೆದು ಮೂರರ ಗುಡ್ಡೆಗೆ ಹಾಕಿದೆ. ಅವಳು ಅದನ್ನು ತೆಗೆದು ಮತ್ತೆ ಐದರ ಗುಡ್ಡೆಯಲ್ಲಿಟ್ಟಳು. ಆಗ ಹಿಂದಿನ ಸಾಲಿನಿಂದ, ಅವರಿದ್ದ ವಠಾರದ ಮಾಲೀಕರ ಮಗ ಹೇಳಿದ.

"ಅವರಮ್ಮನೂ ಇಂಗೇ ಸಾರ್. ಒಂದ್ ಗುಡ್ಡೇಲಿ ಐದು, ಒಂದ್ರಲ್ಲಿ ಮೂರು. ಬರೀ ಮೋಸ."

ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಜೋರಾಗಿ ಅಲ್ಲ, ಆದರೂ ನಕ್ಕೆ. ಹುಡುಗಿ ನನ್ನ ಮುಖ ನೋಡುತ್ತಿದ್ದಳು. ತಮ್ಮ ನೆಲ ನೋಡುತ್ತಿದ್ದ. ಹೋಗಿ ಕೂತ್ಕೋ ಎಂದೆ. ಅವಳು ಹೋಗಲಿಲ್ಲ. ಎರಡನೇ ಸಲ ಹೇಳಿದೆ. ಎರಡೂ ಕೈಗಳನ್ನು ಮೇಜಿನ ಮೇಲೆ, ಗುಡ್ಡೆಗಳ ಸುತ್ತ ಇಟ್ಟುಕೊಂಡು ಹಾಗೇ ನಿಂತಳು.

"ನಮ್ಮಮ್ಮ ಮೋಸ ಮಾಡಲ್ಲ ಸಾರ್. ತಕ್ಕಡಿ ತರಿಸಿ."

ಧ್ವನಿ ಏರಿರಲಿಲ್ಲ. ಕೇಳಿಕೊಳ್ಳುವ ಧ್ವನಿಯೂ ಅಲ್ಲ. ನಾನು ತಕ್ಕಡಿ ತರಿಸದೆ ಪಾಠ ಮುಂದುವರಿಸಿದ್ದರೆ ಆ ಮಾತು ಸಂಜೆಯೊಳಗೆ ವಠಾರ ತಲುಪುತ್ತಿತ್ತು: ಮೇಷ್ಟ್ರೇ ತಪ್ಪು ಅಂದರು, ಆಯಮ್ಮನ ಗುಡ್ಡೆ ಮೋಸ. ಅದು ನನಗೆ ಆ ಕ್ಷಣ ಹೊಳೆಯಿತು ಎಂದು ಹೇಳಲಾರೆ. ಅವಳು ಕದಲಲಿಲ್ಲ, ಅದಕ್ಕೆ ತರಿಸಿದೆ.

ಅಕ್ಕಿ ಬೇಳೆ ತೂಗುವ ತಕ್ಕಡಿಯನ್ನು ಬಿಸಿಯೂಟದ ಅಡುಗೆಯ ಅಕ್ಕನೇ ಹಿಡಿದು ಬಂದರು. ಏನು ಗಲಾಟೆ ಎಂದು ಮುಖ್ಯೋಪಾಧ್ಯಾಯಿನಿಯೂ ಅವರ ಹಿಂದೆ ಬಂದು ಬಾಗಿಲಲ್ಲಿ ನಿಂತರು. ಹುಡುಗಿ ಒಂದು ತಟ್ಟೆಗೆ ಮೂರು ದಪ್ಪ ಹಣ್ಣು, ಇನ್ನೊಂದಕ್ಕೆ ನಾಲ್ಕು ಮಧ್ಯಮದವು ಹಾಕಿದಳು. ಮುಳ್ಳು ಸ್ವಲ್ಪ ಆಡಿ ನೆಟ್ಟಗೆ ನಿಂತಿತು. ಮೂರನ್ನು ತೆಗೆದು ಆ ತಟ್ಟೆಗೆ ಐದು ಸಣ್ಣವು ಹಾಕಿದಳು. ಈ ಸಲ ಐದರ ಕಡೆ ಒಂದಿಷ್ಟು ಕೆಳಗೆ ವಾಲಿತು. ಹಿಂದಿನ ಸಾಲಿನಲ್ಲಿ ಯಾರೋ ಹ್ಞಾಂ ಎಂದರು. ಅವಳು ಅತ್ತ ನೋಡಲಿಲ್ಲ. ಐದರಲ್ಲಿ ಎಲ್ಲಕ್ಕಿಂತ ದಪ್ಪದ ಒಂದನ್ನು ತೆಗೆದು, ನಾಲ್ಕರ ಗುಡ್ಡೆಯಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಿದ್ದ ಒಂದನ್ನು ಹುಡುಕಿ ಅದಲುಬದಲು ಮಾಡಿದಳು. ಮುಳ್ಳು ನಿಂತಿತು. ಮೂರರ ಗುಡ್ಡೆಯನ್ನೂ ಮತ್ತೆ ಇಟ್ಟು ನೋಡಿದಳು, ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿರಲಿಲ್ಲ. ಅಡುಗೆಯ ಅಕ್ಕ ತಕ್ಕಡಿಯನ್ನು ಇನ್ನೂ ಎತ್ತಿ ಹಿಡಿದು ಎಲ್ಲ ಸಾಲಿಗೂ ತೋರಿಸಿದರು.

"ನೋಡ್ರೋ. ನಾನು ಹದಿನೈದು ವರ್ಷದಿಂದ ತೂಗ್ತಾ ಇದೀನಿ, ನಂಗೇ ಕೈ ಲೆಕ್ಕದಲ್ಲಿ ಇಂಗೆ ಬರಲ್ಲ."

ನಾನು ಸಮ ಪಾಲು ಎಂದು ಹೇಳಿದ್ದೆ. ಯಾವುದರಲ್ಲಿ ಸಮ ಎಂದು ಹೇಳಿರಲಿಲ್ಲ. ತೂಕದಲ್ಲಿ ಸಮ ಎಂದರೆ ಅವಳದು ಸರಿ. ಎಣಿಕೆಯಲ್ಲಿ ಸಮ ಎಂದರೆ ನಾಲ್ಕು, ಮತ್ತು ಆ ಪಾಠಕ್ಕೆ ಬೇಕಾದದ್ದು ಎಣಿಕೆ. ಈ ವ್ಯತ್ಯಾಸವನ್ನು ತರಗತಿಗೆ ಹೇಳುವ ಮೊದಲು ಬೇರೆ ಮಾತು ಹೇಳಬೇಕಿತ್ತು. ಇವಳ ಉತ್ತರ ತಪ್ಪಲ್ಲ, ನನ್ನ ಪ್ರಶ್ನೆ ತಪ್ಪು ಎಂದೆ. ಇವರ ತಾಯಿಯ ಗುಡ್ಡೆಯಲ್ಲಿ ಮೋಸವಿಲ್ಲ, ಅದನ್ನು ನೀವೆಲ್ಲ ಈಗ ಕಣ್ಣಾರೆ ನೋಡಿದ್ದೀರಿ, ನಾನು ನಕ್ಕದ್ದು ತಪ್ಪು ಎಂದೂ ಹೇಳಿದೆ. ಮಾಲೀಕರ ಮಗನನ್ನು ಎಬ್ಬಿಸಿ ಅದನ್ನೇ ಅವನ ಬಾಯಲ್ಲೂ ಹೇಳಿಸಿದೆ. ಅವನು ಹೇಳಿದ, ಎರಡನೇ ಸಲಕ್ಕೆ ಕೇಳಿಸುವಂತೆ.

ಎಲ್ಲ ಹಣ್ಣೂ ಒಂದೇ ಗಾತ್ರದವಾಗಿದ್ದರೆ ತಮ್ಮನಿಗೆ ಎಷ್ಟು ಎಂದು ಹುಡುಗಿಯನ್ನು ಕೇಳಿದೆ.

"ನಾಲ್ಕು ಸಾರ್. ಅದು ಗೊತ್ತು ನಂಗೆ," ಎಂದು ಹೇಳಿ ಹೋಗಿ ಕೂತಳು. ಆಮೇಲೆ ಎಲ್ಲರಿಗೂ ಹುಣಸೆ ಬೀಜ ಹಂಚಿ ಹನ್ನೆರಡರಲ್ಲಿ ಅರ್ಧ, ಕಾಲು, ಮೂರನೇ ಎರಡು ತೆಗೆಸಿದೆ. ಆರು, ಮೂರು, ಎಂಟು. ಮೊದಲು ಎಷ್ಟು ಗುಡ್ಡೆ ಮಾಡಬೇಕು, ಆಮೇಲೆ ಅದರಲ್ಲಿ ಎಷ್ಟು ಗುಡ್ಡೆ ತೆಗೆಯಬೇಕು ಎಂದು ಕೇಳಿದರೆ ಸಾಕು, ಕೈ ತಾನಾಗಿ ಹೋಗುತ್ತಿತ್ತು.

ಗುರುವಾರ ಕಥೆಯನ್ನು ತಿದ್ದಿ ಬರೆದೆ. ಒಂದೇ ಗಾತ್ರದ ಹನ್ನೆರಡು ಹಣ್ಣು, ಅಕ್ಕ ಅವನ್ನು ಎಣಿಸಿ ಮೂರು ಗುಡ್ಡೆ ಮಾಡಿದಳು ಎಂದು. ಕೊನೆಗೆ ಒಂದು ಪ್ರಶ್ನೆ ಸೇರಿಸಿದೆ: ಹಣ್ಣುಗಳು ಬೇರೆ ಬೇರೆ ಗಾತ್ರದವಾಗಿದ್ದರೆ ಅಕ್ಕ ಏನು ಮಾಡುತ್ತಿದ್ದಳು? ಶುಕ್ರವಾರದ ಸಭೆ ನಡೆಸಿದವರು ಗುಡ್ಡೆ ಎಂಬುದು ಸಂತೆಯ ಮಾತು, ಗುಂಪು ಎಂದು ಬದಲಿಸಿ, ಕೊನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ತೆಗೆಯಿರಿ ಎಂದರು. ತೆಗೆಯುವುದಾದರೆ ಹಾಳೆಯನ್ನೇ ವಾಪಸು ಕೊಡಿ ಎಂದೆ. ಸಭೆಗಳಲ್ಲಿ ಮಾತಾಡುವ ಅಭ್ಯಾಸ ನನಗಿರಲಿಲ್ಲ. ಊಟದ ಹೊತ್ತು ದಾಟಿತು. ನಾನು ಹಾಳೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಕೊನೆಗೆ ಗುಡ್ಡೆಯೂ ಉಳಿಯಿತು, ಪ್ರಶ್ನೆಯೂ ಉಳಿಯಿತು. ಹಾಗೆಯೇ ಅದು ಎಲ್ಲ ಶಾಲೆಗೂ ಹೋಯಿತು.

ಅಂದು ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ತೀರಿಕೊಂಡಿದ್ದಾರೆ. ತಕ್ಕಡಿ ಹಿಡಿದಿದ್ದ ಅಡುಗೆಯ ಅಕ್ಕ ಇದ್ದಾರೆ, ಹೂಡಿಯಲ್ಲಿ ಮಗಳ ಮನೆಯಲ್ಲಿ. ಮಾಲೀಕರ ಮಗ ಇದ್ದಾನೆ. ಅಕ್ಕ ಇದ್ದಾಳೆ, ತಮ್ಮನೂ ಇದ್ದಾನೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಇವರಲ್ಲಿ ಯಾರಾದರೂ ತಿದ್ದಬಹುದು.